ಒಂದು ಹೆಸರಿಗೆ ಮೂರು ವಿಳಾಸ

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಎನ್‌ಸಿಎಸ್‌ಎ ಎಂಬ ಸೂಪರ್‌ಕಂಪ್ಯೂಟರ್ ಕೇಂದ್ರ ಮೊಸಾಯಿಕ್ ಎಂಬ ಬ್ರೌಸರನ್ನು ಪುಕ್ಕಟೆಯಾಗಿ ಹಂಚಿತು. ಬರಹ, ಚಿತ್ರ ಎರಡನ್ನೂ ಒಂದೇ ಪುಟದಲ್ಲಿ ತೋರಿಸುತ್ತಿದ್ದ ಅದು ಜನರಿಗೆ ಬಹಳ ಹಿಡಿಸಿತು. ಆದರೆ ಅದರಲ್ಲೊಂದು ಸಣ್ಣ ಏರ್ಪಾಡಿತ್ತು. ಯಾರು ಎಲ್ಲಿ ಮೊಸಾಯಿಕ್ ತೆರೆದರೂ ಮೊದಲು ಬರುತ್ತಿದ್ದುದು ಎನ್‌ಸಿಎಸ್‌ಎಯದೇ ಪುಟ. ಹೀಗಾಗಿ ಬ್ರೌಸರ್ ಜನಪ್ರಿಯವಾದಷ್ಟೂ ಅದನ್ನು ಕೊಟ್ಟವರ ಸರ್ವರ್ ಏದುಸಿರು ಬಿಡತೊಡಗಿತು. ಒಂದು ಯಂತ್ರ ಸಾಲದಾದಾಗ ಅವರು ಹಲವು ಯಂತ್ರಗಳನ್ನು ಜೋಡಿಸಿದರು. ಎಲ್ಲಕ್ಕೂ ಒಂದೇ ಕಡತ ಭಂಡಾರ ಕಾಣುವಂತೆ ಮಾಡಿದರು. ಬರುವ ಜನರನ್ನು ಅವುಗಳ ನಡುವೆ ಹಂಚಲು ಡಿಎನ್‌ಎಸ್ ಅನ್ನು ಹಿಡಿದುಕೊಂಡರು. ಈ ಪ್ರಯೋಗದ ವಿವರವನ್ನು 1994ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ನಡೆದ ಮೊದಲ ವರ್ಲ್ಡ್ ವೈಡ್ ವೆಬ್ ಸಮ್ಮೇಳನದಲ್ಲಿ ಮಂಡಿಸಿದರು.

ಮೂವತ್ತು ವರ್ಷ ಕಳೆದರೂ ಆ ಉಪಾಯ ಹಳತಾಗಿಲ್ಲ. ಇವತ್ತಿಗೂ ಸಣ್ಣ ಕಂಪನಿಯೊಂದರ ಜಾಲತಾಣ ನಿಧಾನವಾದರೆ ಯಾರಾದರೊಬ್ಬರು, ‘ಇನ್ನೊಂದು ಸರ್ವರ್ ಹಾಕಿ, ಡಿಎನ್‌ಎಸ್‌ನಲ್ಲಿ ಇನ್ನೊಂದು ಎ ರೆಕಾರ್ಡ್ ಸೇರಿಸಿಬಿಡಿ, ಮುಗೀತು’ ಅನ್ನುತ್ತಾರೆ. ಖರ್ಚಿಲ್ಲ, ಹೊಸ ಯಂತ್ರಾಂಶ ಬೇಡ, ಐದು ನಿಮಿಷದ ಕೆಲಸ. ಅದು ಕೆಲಸ ಮಾಡುವುದೂ ಹೌದು. ಆದರೆ ‘ಮುಗೀತು’ ಅನ್ನುವ ಮಾತು ಮಾತ್ರ ಸುಳ್ಳು. ಏಕೆಂದರೆ ಇಲ್ಲಿ ಹಂಚುವ ಅಧಿಕಾರ ನಮ್ಮ ಕೈಯಲ್ಲಿ ಉಳಿಯುವುದೇ ಇಲ್ಲ.

ಡಿಎನ್‌ಎಸ್ ಕೆಲಸ ಹೆಸರನ್ನು ಕೊಟ್ಟರೆ ಸಂಖ್ಯೆಯನ್ನು ಹೇಳುವುದು. ನಾವು ಬ್ರೌಸರಿನಲ್ಲಿ ಜಾಲತಾಣದ ಹೆಸರು ಬರೆಯುತ್ತೇವೆ, ಯಂತ್ರಗಳಿಗೆ ಬೇಕಾಗಿರುವುದು ಐಪಿ ವಿಳಾಸ. ಹೆಸರಿಗೂ ವಿಳಾಸಕ್ಕೂ ಗಂಟು ಹಾಕುವ ಸಾಲಿಗೆ ಎ ರೆಕಾರ್ಡ್ ಎನ್ನುತ್ತಾರೆ. ಒಂದು ಹೆಸರಿಗೆ ಒಂದೇ ಎ ರೆಕಾರ್ಡ್ ಇರಬೇಕೆಂಬ ನಿಯಮವಿಲ್ಲ, ಎಷ್ಟು ಬೇಕಾದರೂ ಇರಬಹುದು. ಪರೀಕ್ಷಾ ಫಲಿತಾಂಶ ಪ್ರಕಟಿಸುವ ಒಂದು ಜಾಲತಾಣವನ್ನು ಊಹಿಸಿಕೊಳ್ಳಿ. ಅದಕ್ಕೆ ಮೂರು ಸರ್ವರ್‌ಗಳಿವೆ. ಅದರ ವಿಳಾಸವನ್ನು ಕೇಳಿದರೆ ಬರುವ ಉತ್ತರ ಹೀಗಿರುತ್ತದೆ. (ಹೆಸರೂ ವಿಳಾಸಗಳೂ ಉದಾಹರಣೆಗೆಂದೇ ಕಾದಿರಿಸಿದಂಥವು.)

```
$ dig +noall +answer results.example.com A
results.example.com.  300  IN  A  203.0.113.10
results.example.com.  300  IN  A  192.0.2.30
results.example.com.  300  IN  A  198.51.100.20
```

ಇನ್ನೊಮ್ಮೆ ಕೇಳಿದರೆ ಇದೇ ಮೂರು ಸಾಲು ಬರುತ್ತದೆ, ಆದರೆ ಈ ಸಲ `192.0.2.30` ಮೊದಲು ಇರಬಹುದು. ಮತ್ತೊಮ್ಮೆ ಕೇಳಿದರೆ `198.51.100.20` ಮೊದಲಿಗೆ ಬರಬಹುದು. ರೌಂಡ್ ರಾಬಿನ್ ಎನ್ನುವುದು ಇಷ್ಟೇ. ಒಬ್ಬೊಬ್ಬರಿಗೆ ಒಂದೊಂದು ವಿಳಾಸ ಕೊಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಎಲ್ಲರಿಗೂ ಎಲ್ಲ ವಿಳಾಸಗಳನ್ನೂ ಕೊಡುತ್ತದೆ, ಸಾಲಿನ ಕ್ರಮವನ್ನು ಮಾತ್ರ ಬದಲಿಸುತ್ತದೆ. ಕೇಳಿದವನು ಮೊದಲನೆಯದನ್ನೇ ಎತ್ತಿಕೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ ಇಡೀ ಹಂಚಿಕೆ ನಿಂತಿದೆ. ಆ ನಂಬಿಕೆಯನ್ನು ಕಾಪಾಡುವ ಕಾನೂನು ಯಾವುದೂ ಇಲ್ಲ.

ಮದುವೆ ಮನೆಯ ಊಟದ ಲೆಕ್ಕದಲ್ಲಿ ಹೇಳುವುದಾದರೆ, ಬೀದಿಯ ತುದಿಯಲ್ಲಿ ನಿಂತು ‘ಊಟದ ಹಾಲ್‌ಗಳು ಅಲ್ಲಿ, ಅಲ್ಲಿ, ಅಲ್ಲಿ’ ಎಂದು ಕೈ ತೋರಿಸುವವನು ಡಿಎನ್‌ಎಸ್. ಯಾವ ಹಾಲ್ ತುಂಬಿದೆ, ಯಾವುದರಲ್ಲಿ ಅನ್ನ ಖಾಲಿಯಾಗಿದೆ ಎಂಬುದು ಅವನಿಗೆ ಗೊತ್ತಿಲ್ಲ. ಪಂಕ್ತಿಯ ಬಾಗಿಲಲ್ಲಿ ನಿಂತು, ಖಾಲಿಯಾದ ಎಲೆಯನ್ನು ಕಣ್ಣಾರೆ ನೋಡಿ ‘ನೀವು ಈ ಕಡೆ ಬನ್ನಿ’ ಅನ್ನುವವನು ಲೋಡ್ ಬ್ಯಾಲೆನ್ಸರ್.

ಈಗ ಆ ಮೂರು ಸಾಲಿನ ಹಿಂದೆ ಹೋಗೋಣ. ನಮ್ಮ ಫೋನ್ ನೇರವಾಗಿ ಜಾಲತಾಣದವರ ಡಿಎನ್‌ಎಸ್ ಸರ್ವರನ್ನು ಕೇಳುವುದಿಲ್ಲ. ಅದು ಕೇಳುವುದು ಮೊಬೈಲ್ ಕಂಪನಿಯೋ ಇಂಟರ್ನೆಟ್ ಕೊಟ್ಟವರೋ ಇಟ್ಟಿರುವ ರಿಸಾಲ್ವರ್ ಎಂಬ ಮಧ್ಯವರ್ತಿಯನ್ನು. ರಿಸಾಲ್ವರ್ ಒಮ್ಮೆ ಕೇಳಿ ತಂದ ಉತ್ತರವನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದನ್ನು ಮೇಲಿನ ಉತ್ತರದಲ್ಲಿರುವ 300 ಎಂಬ ಸಂಖ್ಯೆ ಹೇಳುತ್ತದೆ. ಅದನ್ನು ಟಿಟಿಎಲ್ ಎನ್ನುತ್ತಾರೆ, ಲೆಕ್ಕ ಸೆಕೆಂಡುಗಳಲ್ಲಿ. ಅಂದರೆ ಐದು ನಿಮಿಷ. ಆ ಐದು ನಿಮಿಷದಲ್ಲಿ ಅದೇ ರಿಸಾಲ್ವರನ್ನು ಒಬ್ಬ ಕೇಳಿದರೂ ಒಂದು ಲಕ್ಷ ಮಂದಿ ಕೇಳಿದರೂ ಜಾಲತಾಣದವರ ಡಿಎನ್‌ಎಸ್‌ಗೆ ಕಾಣುವುದು ಒಂದೇ ಪ್ರಶ್ನೆ. ಸರದಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ ಅಷ್ಟೆ. ಮುಂದಿನ ಪ್ರಶ್ನೆ ಹತ್ತೇ ಮಂದಿ ಇರುವ ಕಾಲೇಜಿನ ಪುಟ್ಟ ರಿಸಾಲ್ವರಿನಿಂದ ಬಂದರೆ ಅದಕ್ಕೂ ಒಂದು ಹೆಜ್ಜೆ. ಡಿಎನ್‌ಎಸ್ ದೃಷ್ಟಿಯಲ್ಲಿ ಇಬ್ಬರೂ ಸಮಾನರು, ಸರ್ವರ್ ದೃಷ್ಟಿಯಲ್ಲಿ ಒಬ್ಬ ಇರುವೆ, ಇನ್ನೊಬ್ಬ ಆನೆ.

ಎನ್‌ಸಿಎಸ್‌ಎಯವರಿಗೂ ಈ ಅನುಭವ ಆಯಿತು. ಸರದಿ ಸಮಾನವಾಗಿ ತಿರುಗುತ್ತಿದ್ದರೂ ಯಂತ್ರಗಳ ಮೇಲಿನ ಹೊರೆ ಸಮಾನವಾಗಿರಲಿಲ್ಲ. ಕಾರಣ ದೂರದ ಊರುಗಳಲ್ಲಿ ಕೂತು ಉತ್ತರ ಹಿಡಿದಿಟ್ಟುಕೊಳ್ಳುವ ಈ ಮಧ್ಯವರ್ತಿಗಳೇ. ಈಗಿನ ಅನೇಕ ರಿಸಾಲ್ವರ್‌ಗಳು ತಮ್ಮಲ್ಲಿರುವ ಉತ್ತರವನ್ನು ಕೊಡುವಾಗ ತಾವೇ ಕ್ರಮ ಬದಲಿಸುತ್ತವೆ, ಆದ್ದರಿಂದ ಅಂದಿನಷ್ಟು ಏರುಪೇರು ಈಗಿಲ್ಲ. ಆದರೆ ಗಮನಿಸಬೇಕಾದ್ದು ಬೇರೆ. ಹಾಗೆ ತಿರುಗಿಸುತ್ತಿರುವುದು ಜಾಲತಾಣದವರಲ್ಲ, ಅವರಿಗೆ ಪರಿಚಯವೇ ಇಲ್ಲದ ಯಾರೋ. ತಿರುಗಿಸಿದರೆ ಅದು ಅವರ ಔದಾರ್ಯ.

ರಿಸಾಲ್ವರ್ ದಾಟಿದ ಮೇಲೂ ಇನ್ನೊಬ್ಬ ಯಜಮಾನನಿದ್ದಾನೆ. ಅವನು ನಮ್ಮದೇ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ. ಈ ಭಾಗದ ಕಥೆ ಸ್ವಲ್ಪ ವಿಚಿತ್ರವಾದದ್ದು, ಅಂಕಿಗಳ ಸಮೇತ ನೋಡಲು ತಕ್ಕದ್ದು.

2003ರ ಫೆಬ್ರುವರಿಯಲ್ಲಿ ಇಂಟರ್ನೆಟ್‌ನ ನಿಯಮಗಳನ್ನು ಬರೆಯುವ ಮಂದಿ ಆರ್‌ಎಫ್‌ಸಿ 3484 ಎಂಬ ದಾಖಲೆ ಹೊರತಂದರು. ಒಂದು ಹೆಸರಿಗೆ ಹಲವು ವಿಳಾಸಗಳು ಬಂದರೆ ಕಂಪ್ಯೂಟರ್ ಯಾವುದನ್ನು ಮೊದಲು ಪ್ರಯತ್ನಿಸಬೇಕು ಎಂಬುದಕ್ಕೆ ಅದರಲ್ಲಿ ಸಾಲಾಗಿ ನಿಯಮಗಳಿದ್ದವು. ಒಂಬತ್ತನೆಯ ನಿಯಮದ ಸಾರಾಂಶ ಇಷ್ಟು: ನಿನ್ನ ವಿಳಾಸದ ಜೊತೆ ಮೊದಲಿನಿಂದ ಹೆಚ್ಚು ಬಿಟ್‌ಗಳು ಹೊಂದುವ ವಿಳಾಸವನ್ನು ಆರಿಸಿಕೋ. ವಿಳಾಸದ ಮೊದಲ ಭಾಗ ಒಂದೇ ಆಗಿದ್ದರೆ ಆ ಯಂತ್ರ ಹತ್ತಿರದಲ್ಲಿರಬಹುದು ಎಂಬ ಊಹೆ. ಕೇಳಲು ಸರಿಯೇ.

ಈಗ ಮನೆಯ ವೈಫೈನಲ್ಲಿರುವ ಒಂದು ಕಂಪ್ಯೂಟರನ್ನು ತೆಗೆದುಕೊಳ್ಳಿ. ಅದರ ವಿಳಾಸ `192.168.1.5`. ಮನೆಯ ರೌಟರ್‌ಗಳಲ್ಲಿ ಬಹುಪಾಲು ಇಂಥದ್ದೇ ವಿಳಾಸ ಕೊಡುತ್ತವೆ, ನಿಮ್ಮ ಮನೆಯದೂ ಹೀಗೇ ಇದ್ದೀತು. ಇದು ಮನೆಯೊಳಗಿನ ಸಂಖ್ಯೆ ಮಾತ್ರ, ಹೊರ ಜಗತ್ತಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಆದರೂ ನಿಯಮ ಹೋಲಿಸುವುದು ಇದನ್ನೇ. ಮೊದಲ ಅಂಕಿಗಳನ್ನು ಎರಡರ ಮಾನದಲ್ಲಿ ಬರೆದರೆ ಹೀಗೆ ಕಾಣುತ್ತದೆ.

```
192  =  11000000
198  =  11000110
203  =  11001011
```

ನಮ್ಮ ಕಂಪ್ಯೂಟರಿನ 192ಕ್ಕೂ `203.0.113.10`ರ 203ಕ್ಕೂ ಮೊದಲ ನಾಲ್ಕು ಬಿಟ್ ಹೊಂದುತ್ತವೆ, ಐದನೆಯದರಲ್ಲಿ ಬೇರೆಯಾಗುತ್ತವೆ. `198.51.100.20` ಜೊತೆ ಐದು ಹೊಂದುತ್ತವೆ. `192.0.2.30` ಜೊತೆ 192 ಪೂರ್ತಿ, ಅಂದರೆ ಎಂಟು ಬಿಟ್ ಹೊಂದಿ ಅಲ್ಲಿಗೆ ನಿಲ್ಲುತ್ತದೆ. ಡಿಎನ್‌ಎಸ್ ಯಾವ ಕ್ರಮದಲ್ಲೇ ಕಳಿಸಲಿ, ಈ ಕಂಪ್ಯೂಟರ್ ಪ್ರತಿ ಸಲವೂ ಎಂಟರ ಹಿಂದೆಯೇ ಹೋಗುತ್ತದೆ. ಇದೊಂದೇ ಅಲ್ಲ, ಜಗತ್ತಿನಲ್ಲಿ `192.168` ಎಂದು ಶುರುವಾಗುವ ವಿಳಾಸವುಳ್ಳ, ಈ ನಿಯಮ ಪಾಲಿಸುವ ಎಲ್ಲ ಕಂಪ್ಯೂಟರುಗಳೂ ಅದೇ ಸರ್ವರಿನ ಬಾಗಿಲಿಗೆ ಹೋಗುತ್ತವೆ. ಉಳಿದೆರಡು ಸರ್ವರ್ ನೊಣ ಹೊಡೆಯುತ್ತಾ ಕೂತಿರುತ್ತವೆ.

ಇನ್ನೂ ಮೋಜಿನ ಸಂಗತಿಯೆಂದರೆ ಕಚೇರಿಯಲ್ಲಿ ಕೂತು ಪರೀಕ್ಷಿಸಿದರೆ ಈ ದೋಷ ಕಾಣದೇ ಹೋಗಬಹುದು. ದೊಡ್ಡ ಕಚೇರಿಗಳ ಒಳವಿಳಾಸ ಸಾಮಾನ್ಯವಾಗಿ `10`ರಿಂದ ಶುರುವಾಗುತ್ತದೆ. 10 ಎಂದರೆ `00001010`, ಮೊದಲ ಬಿಟ್ಟೇ ಸೊನ್ನೆ. ಮೂರು ಸರ್ವರುಗಳದೂ ಒಂದರಿಂದ ಶುರು. ಆದ್ದರಿಂದ ಯಾವುದರ ಜೊತೆಗೂ ಒಂದು ಬಿಟ್ ಕೂಡ ಹೊಂದುವುದಿಲ್ಲ, ಮೂರೂ ಸಮ. ಸಮವಾದಾಗ ಡಿಎನ್‌ಎಸ್ ಕೊಟ್ಟ ಕ್ರಮವೇ ಉಳಿಯುತ್ತದೆ. ಹೀಗಾಗಿ ಎಂಜಿನಿಯರ್ ತನ್ನ ಮೇಜಿನಿಂದ ನೋಡಿದಾಗ ಹಂಚಿಕೆ ಅಚ್ಚುಕಟ್ಟಾಗಿದೆ, ಮನೆಗಳಿಂದ ಬರುವವರ ವಿಷಯದಲ್ಲಿ ಮಾತ್ರ ಒಂದೇ ಕಡೆ ನೂಕುನುಗ್ಗಲು.

ಇದು ಕಾಗದದ ಮೇಲಿನ ಲೆಕ್ಕವಾಗಿ ಉಳಿಯಲಿಲ್ಲ. ವಿಂಡೋಸ್ ವಿಸ್ಟಾ ಬಂದಾಗ ಅದರಲ್ಲಿ ಈ ನಿಯಮ ಇತ್ತು, ಲಿನಕ್ಸಿನ ಮೂಲ ಲೈಬ್ರರಿಯಲ್ಲೂ ಬಂತು. ತಂತ್ರಾಂಶಗಳನ್ನು ಹಲವು ಸರ್ವರ್‌ಗಳಿಂದ ಹಂಚುತ್ತಿದ್ದ ಡೆಬಿಯನ್ ಯೋಜನೆಯವರಲ್ಲಿ 2007ರಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆದು ವಿಷಯ ಅವರ ತಾಂತ್ರಿಕ ಸಮಿತಿಯವರೆಗೆ ಹೋಯಿತು. ಮುಂದೆ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಹಳೆಯ ವಿಳಾಸಗಳ ಮಟ್ಟಿಗೆ ಇದನ್ನು ಸಡಿಲಿಸಿದರು. ಜಾಲತಾಣ ನಡೆಸುವವರು ಈ ಅವಧಿಯಲ್ಲಿ ತಮ್ಮ ಕಡೆ ಒಂದಕ್ಷರವನ್ನೂ ಬದಲಿಸಿರಲಿಲ್ಲ. ಹಂಚಿಕೆ ಮಾತ್ರ ಬದಲಾಗಿತ್ತು, ಮತ್ತೆ ಬದಲಾಯಿತು.

ನಿಮ್ಮದೇ ಜಾಲತಾಣದಲ್ಲಿ ಹೀಗಾಗಿದೆಯೇ ಎಂದು ತಿಳಿಯಲು ಡಿಎನ್‌ಎಸ್ ಉತ್ತರವನ್ನು ಪದೇ ಪದೇ ನೋಡಿ ಪ್ರಯೋಜನವಿಲ್ಲ, ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪ್ರತಿ ಸರ್ವರಿನ ಲಾಗ್ ತೆರೆದು, ಒಂದೇ ಗಂಟೆಯಲ್ಲಿ ಎಷ್ಟು ಕೋರಿಕೆಗಳು ಬಂದಿವೆ ಎಂದು ಎಣಿಸಬೇಕು. ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಸಂಖ್ಯೆಯಿದ್ದರೆ ಸರಿ. ಒಂದರಲ್ಲಿ ಇನ್ನೊಂದರ ಎರಡು ಪಟ್ಟಿದ್ದರೆ, ಆ ಹೆಚ್ಚುವರಿ ಯಾವ ವಿಳಾಸಗಳಿಂದ ಬಂದಿದೆ ಎಂದು ನೋಡಬೇಕು. ಬೆರಳೆಣಿಕೆಯ ವಿಳಾಸಗಳಿಂದ ಬಂದಿದ್ದರೆ ಯಾವುದೋ ದೊಡ್ಡ ಜಾಲವೋ, ಒಮ್ಮೆ ಹಿಡಿದ ವಿಳಾಸವನ್ನು ಬಿಡದ ತಂತ್ರಾಂಶವೋ ಕಾರಣ. ಅಂಥ ತಂತ್ರಾಂಶಗಳೂ ಇವೆ. ಶುರುವಾಗುವಾಗ ಒಮ್ಮೆ ವಿಳಾಸ ಕೇಳಿಕೊಂಡು, ಮತ್ತೆ ಮರುಪ್ರಾರಂಭ ಮಾಡುವ ತನಕ ಅದನ್ನೇ ಜಪಿಸುತ್ತಾ ಕೂರುತ್ತವೆ.

ಇಷ್ಟೆಲ್ಲ ಆದರೂ ಏರುಪೇರು ಸಹಿಸಬಹುದಾದದ್ದು. ಮೂರು ಯಂತ್ರ ಇದ್ದಲ್ಲಿ ನಾಲ್ಕು ಇಟ್ಟರಾಯಿತು. ನಿಜವಾದ ಕಷ್ಟ ಒಂದು ಸರ್ವರ್ ಸತ್ತಾಗ.

ಫಲಿತಾಂಶದ ದಿನ ಬೆಳಿಗ್ಗೆ 11 ಗಂಟೆಗೆ `198.51.100.20` ಯಂತ್ರದ ವಿದ್ಯುತ್ ಹೋಯಿತು ಎಂದುಕೊಳ್ಳಿ. ಡಿಎನ್‌ಎಸ್‌ಗೆ ಇದರ ಸುಳಿವಿಲ್ಲ, ಅದು ಮೂರು ವಿಳಾಸಗಳನ್ನೂ ಕೊಡುತ್ತಲೇ ಇರುತ್ತದೆ. ಬಂದವರಲ್ಲಿ ಮೂರನೆಯ ಒಂದು ಭಾಗ ಸತ್ತ ಯಂತ್ರದ ಬಾಗಿಲು ತಟ್ಟುತ್ತದೆ. ಯಂತ್ರ ಬದುಕಿದ್ದು ವೆಬ್ ಸರ್ವರ್ ತಂತ್ರಾಂಶ ಮಾತ್ರ ನಿಂತಿದ್ದರೆ ‘ಇಲ್ಲಿ ಯಾರೂ ಇಲ್ಲ’ ಎಂಬ ಉತ್ತರ ತಕ್ಷಣ ಬರುತ್ತದೆ, ಬ್ರೌಸರ್ ಮುಂದಿನ ವಿಳಾಸಕ್ಕೆ ಹಾರುತ್ತದೆ. ವಿದ್ಯುತ್ತೇ ಹೋಗಿದ್ದರೆ ಯಾವ ಉತ್ತರವೂ ಇಲ್ಲ. ಕಂಪ್ಯೂಟರ್ ಕಾಯುತ್ತದೆ, ಒಂದು ಸೆಕೆಂಡು ಬಿಟ್ಟು ಮತ್ತೆ ತಟ್ಟುತ್ತದೆ, ಆಮೇಲೆ ಎರಡು, ನಾಲ್ಕು, ಎಂಟು ಎಂದು ಅಂತರ ಹೆಚ್ಚಿಸುತ್ತಾ ಹೋಗುತ್ತದೆ. ಲಿನಕ್ಸಿನಲ್ಲಿ ಬಹುಕಾಲ ಇದ್ದ ರೂಢಿಯ ಪ್ರಕಾರ ಪೂರ್ತಿ ಕೈಬಿಡಲು 127 ಸೆಕೆಂಡು, ಅಂದರೆ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಫಲಿತಾಂಶಕ್ಕೆ ಕಾಯುವ ವಿದ್ಯಾರ್ಥಿ ಎಲ್ಲಿದ್ದಾನೆ? ಹತ್ತು ಸಲ ರಿಫ್ರೆಶ್ ಒತ್ತಿರುತ್ತಾನೆ.

ಈ ಕಾಯುವಿಕೆಯನ್ನು ತಪ್ಪಿಸಲು ‘ಹ್ಯಾಪಿ ಐಬಾಲ್ಸ್’ ಎಂಬ ತಮಾಷೆಯ ಹೆಸರಿನ ವಿಧಾನವೊಂದಿದೆ. 2017ರಲ್ಲಿ ಬಂದ ಅದರ ಎರಡನೆಯ ರೂಪದ ಪ್ರಕಾರ, ಮೊದಲ ವಿಳಾಸದಿಂದ ಕಾಲು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಎರಡನೆಯದನ್ನೂ ತಟ್ಟಬಹುದು, ಯಾವುದು ಮೊದಲು ಓಗೊಡುತ್ತದೋ ಅದು. ಇದನ್ನು ಪೂರ್ತಿ ಪಾಲಿಸುವ ತಂತ್ರಾಂಶಕ್ಕೆ ಸತ್ತ ಸರ್ವರ್ ಇದ್ದದ್ದೇ ಗೊತ್ತಾಗುವುದಿಲ್ಲ. ಪಾಲಿಸದವುಗಳ ಪಾಡು ಮೇಲೆ ಹೇಳಿದಂತೆ. ಮತ್ತೆ ಅದೇ ಮಾತು, ನಿಮ್ಮ ಸೇವೆಯ ಗುಣಮಟ್ಟ ಇನ್ನೊಬ್ಬರ ಫೋನಿನಲ್ಲಿರುವ ತಂತ್ರಾಂಶದ ಮರ್ಜಿಗೆ ಬಿಟ್ಟದ್ದು.

ಎಂಜಿನಿಯರ್ 11 ಗಂಟೆ 5 ನಿಮಿಷಕ್ಕೆ ಎಚ್ಚೆತ್ತು ಆ ಎ ರೆಕಾರ್ಡ್ ಅಳಿಸಿದನೆನ್ನಿ. 11 ಗಂಟೆ 4 ನಿಮಿಷ 59 ಸೆಕೆಂಡಿಗೆ ಹಳೆಯ ಪಟ್ಟಿ ತೆಗೆದುಕೊಂಡು ಹೋದ ರಿಸಾಲ್ವರ್ ಅದನ್ನು 11 ಗಂಟೆ 10ರವರೆಗೂ ಹಂಚುತ್ತದೆ. ಟಿಟಿಎಲ್ ಅನ್ನು 300ರ ಬದಲು 30 ಮಾಡಿದರೆ ಬಾಲ ಚಿಕ್ಕದಾಗುತ್ತದೆ, ಆದರೆ ಡಿಎನ್‌ಎಸ್‌ಗೆ ಬರುವ ಪ್ರಶ್ನೆಗಳ ಸಂಖ್ಯೆ ಹೆಚ್ಚುತ್ತದೆ. ಜೊತೆಗೆ ತೀರಾ ಕಡಿಮೆ ಟಿಟಿಎಲ್ ಅನ್ನು ಗೌರವಿಸದೆ ತಮ್ಮದೇ ಕನಿಷ್ಠ ಅವಧಿ ಇಟ್ಟುಕೊಂಡ ರಿಸಾಲ್ವರ್‌ಗಳೂ ಇವೆ.

ಅದಕ್ಕಿಂತ ಕೆಟ್ಟದ್ದು ಅರೆಜೀವದ ಸರ್ವರ್. ಯಂತ್ರ ನಡೆಯುತ್ತಿದೆ, ಬಾಗಿಲು ತೆರೆಯುತ್ತದೆ, ಆದರೆ ಒಳಗೆ ಡೇಟಾಬೇಸ್ ಸಂಪರ್ಕ ಕಡಿದುಹೋಗಿದೆ. ಬಂದವರಿಗೆಲ್ಲ 500 ಎಂಬ ದೋಷದ ಪುಟ ಕಾಣಿಸುತ್ತದೆ. ಬ್ರೌಸರಿನ ಪ್ರಕಾರ ಇದು ಯಶಸ್ಸು, ಸಂಪರ್ಕ ಸಿಕ್ಕಿತು, ಉತ್ತರವೂ ಬಂತು. ಅದು ಬೇರೆ ವಿಳಾಸಕ್ಕೆ ಹೋಗುವ ಮಾತೇ ಇಲ್ಲ. ಇಂಥ ಹೊತ್ತಿನಲ್ಲಿ ‘ನನಗೆ ಬರ್ತಾ ಇದೆ, ನಿಮಗೆ ಬರ್ತಾ ಇಲ್ವಾ?’ ಎಂಬ ಫೋನುಗಳು ಶುರುವಾಗುತ್ತವೆ. ಕೆಲವರಿಗೆ ತೆರೆಯುತ್ತದೆ, ಕೆಲವರಿಗೆ ಇಲ್ಲ, ಅದೂ ಒಬ್ಬನೇ ಮನುಷ್ಯನಿಗೆ ಹಿಡಿದ ಹಟದಂತೆ ಮತ್ತೆ ಮತ್ತೆ ಇಲ್ಲ ಎಂದಾದರೆ, ಹಲವು ಎ ರೆಕಾರ್ಡುಗಳ ಪೈಕಿ ಒಂದು ಕೆಟ್ಟಿದೆ ಎಂದು ಶಂಕಿಸಬಹುದು. ಒಂದೊಂದೇ ವಿಳಾಸವನ್ನು ಹಿಡಿದು ಕೇಳಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

```
curl -I --resolve results.example.com:443:198.51.100.20 \
  https://results.example.com/
```

ಈ ಆಜ್ಞೆ ಡಿಎನ್‌ಎಸ್ ಅನ್ನು ಬದಿಗಿಟ್ಟು, ಹೇಳಿದ ಸರ್ವರನ್ನೇ ಮಾತನಾಡಿಸುತ್ತದೆ. ಮೂರಕ್ಕೂ ಒಮ್ಮೊಮ್ಮೆ ಕಳಿಸಿ, 200 ಎಂಬ ಉತ್ತರ ಎಲ್ಲಿಂದ ಬರುವುದಿಲ್ಲ ಎಂದು ನೋಡಿದರೆ ಸಾಕು.

ಈಗ ಅದೇ ಮೂರು ಸರ್ವರುಗಳ ಮುಂದೆ ಲೋಡ್ ಬ್ಯಾಲೆನ್ಸರ್ ಇಡೋಣ. ಇದು ಪ್ರತ್ಯೇಕ ಪೆಟ್ಟಿಗೆಯಾಗಿರಬಹುದು, ಎಚ್‌ಎಪ್ರಾಕ್ಸಿ ಅಥವಾ ಎಂಜಿನ್‌ಎಕ್ಸ್‌ನಂಥ ಪುಕ್ಕಟೆ ತಂತ್ರಾಂಶವನ್ನು ಹಾಕಿದ ಸಾಧಾರಣ ಯಂತ್ರವೂ ಆಗಿರಬಹುದು. ಡಿಎನ್‌ಎಸ್‌ನಲ್ಲಿ ಈಗ ಒಂದೇ ವಿಳಾಸ, ಲೋಡ್ ಬ್ಯಾಲೆನ್ಸರಿನದು. ಹೊರಗಿನವರಿಗೆ ಹಿಂದಿನ ಮೂರು ಯಂತ್ರಗಳ ಅಸ್ತಿತ್ವವೇ ತಿಳಿಯುವುದಿಲ್ಲ. ಕೋರಿಕೆ ಬಂದ ಗಳಿಗೆಯಲ್ಲಿ, ಆಗಿನ ಪರಿಸ್ಥಿತಿ ನೋಡಿ, ಯಾರಿಗೆ ಕಳಿಸಬೇಕೆಂದು ಅದು ತೀರ್ಮಾನಿಸುತ್ತದೆ. ಎಚ್‌ಎಪ್ರಾಕ್ಸಿಯಲ್ಲಿ ಇದರ ತಿರುಳು ಇಷ್ಟೇ ಸಾಲು:

```
backend results
    balance leastconn
    option httpchk GET /health
    default-server check inter 2s fall 3 rise 2
    server s1 10.0.0.11:80
    server s2 10.0.0.12:80
    server s3 10.0.0.13:80
```

ಎರಡು ಸೆಕೆಂಡಿಗೊಮ್ಮೆ ಪ್ರತಿ ಸರ್ವರಿನ `/health` ಪುಟವನ್ನು ಕೇಳು, ಸತತ ಮೂರು ಸಲ ತಪ್ಪಿದರೆ ಆ ಸರ್ವರನ್ನು ಸಾಲಿನಿಂದ ತೆಗೆ, ಮತ್ತೆ ಎರಡು ಸಲ ಸರಿಯಾಗಿ ಉತ್ತರಿಸಿದರೆ ವಾಪಸು ಸೇರಿಸು. ಇದಕ್ಕೆ ಹೆಲ್ತ್ ಚೆಕ್ ಎನ್ನುತ್ತಾರೆ. 11 ಗಂಟೆಗೆ ಎರಡನೆಯ ಯಂತ್ರ ಸತ್ತರೆ ಹೆಚ್ಚುಕಡಿಮೆ ಆರು ಸೆಕೆಂಡಿನಲ್ಲಿ ಅದು ಸಾಲಿನಿಂದ ಹೊರಗೆ. ಎಂಜಿನಿಯರ್ ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹತ್ತು ನಿಮಿಷ ಎಲ್ಲಿ, ಆರು ಸೆಕೆಂಡು ಎಲ್ಲಿ! ಅಷ್ಟೇ ಅಲ್ಲ, ಸರ್ವರನ್ನು ದುರಸ್ತಿಗೆ ತೆಗೆಯಬೇಕಾದಾಗ ‘ಇನ್ನು ಹೊಸಬರನ್ನು ಕಳಿಸಬೇಡ, ಒಳಗಿರುವವರ ಕೆಲಸ ಮುಗಿಯಲಿ’ ಎಂದು ಹೇಳುವ ಸೌಲಭ್ಯವೂ ಇದೆ. ಡಿಎನ್‌ಎಸ್‌ಗೆ ಇಂಥ ಮಾತು ಅರ್ಥವೇ ಆಗುವುದಿಲ್ಲ.

`leastconn` ಎಂದರೆ ಸದ್ಯಕ್ಕೆ ಅತಿ ಕಡಿಮೆ ಸಂಪರ್ಕ ಇರುವ ಸರ್ವರಿಗೆ ಕಳಿಸು ಎಂದು. ಒಬ್ಬನ ಕೋರಿಕೆ ಹತ್ತು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಇನ್ನೊಬ್ಬನದು ಮೂರು ಸೆಕೆಂಡು ತಿನ್ನುತ್ತದೆ ಎನ್ನುವಂಥ ಕಡೆ ಇದು ಸರದಿಗಿಂತ ನ್ಯಾಯವಾದ ಹಂಚಿಕೆ. ಆದರೆ ಇದರಲ್ಲೊಂದು ಗುಂಡಿ ಇದೆ, ಬಿದ್ದವರಿಗೇ ಗೊತ್ತು. ಅರೆಜೀವದ ಸರ್ವರ್ ದೋಷದ ಪುಟವನ್ನು ಬಹಳ ಬೇಗ ಕೊಡುತ್ತದೆ, ಕೆಲಸವನ್ನೇ ಮಾಡದವನಿಗೆ ತಡವಾಗಲು ಕಾರಣವೇನಿದೆ? ಕೋರಿಕೆ ಬಂದ ಕೂಡಲೇ 500 ಎಸೆದು ಕೈ ತೊಳೆದುಕೊಳ್ಳುವುದರಿಂದ ಅದರ ಬಳಿ ಸದಾ ಕಡಿಮೆ ಸಂಪರ್ಕ. ಲೋಡ್ ಬ್ಯಾಲೆನ್ಸರ್ ‘ಆಹಾ, ಇವನು ಬಿಡುವಾಗಿದ್ದಾನೆ’ ಎಂದು ಇನ್ನಷ್ಟು ಜನರನ್ನು ಅಲ್ಲಿಗೇ ಕಳಿಸುತ್ತದೆ. ಡಿಎನ್‌ಎಸ್‌ನಲ್ಲಾದರೆ ಮೂರರಲ್ಲೊಂದು ಪಾಲು ಜನಕ್ಕೆ ತೊಂದರೆ, ಇಲ್ಲಿ ಹೆಚ್ಚಿನವರಿಗೆ ತೊಂದರೆಯಾಗಬಹುದು.

ಅದನ್ನು ತಡೆಯುವುದು ಹೆಲ್ತ್ ಚೆಕ್, ಅದೂ ಬುದ್ಧಿವಂತಿಕೆಯಿಂದ ಬರೆದಿದ್ದರೆ. `option httpchk` ಸಾಲನ್ನು ಬಿಟ್ಟರೆ ಎಚ್‌ಎಪ್ರಾಕ್ಸಿ ಬಾಗಿಲು ತೆರೆಯುತ್ತದೆಯೇ ಎಂದಷ್ಟೇ ನೋಡುತ್ತದೆ, ಒಳಗೆ ಅಡುಗೆಯಾಗಿದೆಯೇ ಎಂದು ನೋಡುವುದಿಲ್ಲ. ಅರೆಜೀವದ ಸರ್ವರ್ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಸರಿ, `/health` ಪುಟ ಪ್ರತಿ ಸಲ ಡೇಟಾಬೇಸನ್ನೂ ಮುಟ್ಟಿ ನೋಡಲಿ ಎಂದು ಮಾಡಿದರೆ ಇನ್ನೊಂದು ಅಪಾಯ. ಮೂರೂ ಸರ್ವರುಗಳಿಗೆ ಇರುವುದು ಒಂದೇ ಡೇಟಾಬೇಸ್. ಅದು ಹತ್ತು ಸೆಕೆಂಡು ತಡವರಿಸಿದರೆ ಮೂರೂ ಒಟ್ಟಿಗೆ ಫೇಲ್, ಸಾಲಿನಲ್ಲಿ ಯಾರೂ ಉಳಿಯುವುದಿಲ್ಲ, ಎಲ್ಲರಿಗೂ 503. ಡೇಟಾಬೇಸ್ ಬೇಡದ ಸಾಧಾರಣ ಪುಟಗಳೂ ಮುಚ್ಚಿಹೋಗುತ್ತವೆ. ಆ ಒಂದು ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದನ್ನು ಪರೀಕ್ಷಿಸಬೇಕು, ಎಲ್ಲರಿಗೂ ಸಾಮಾನ್ಯವಾದದ್ದನ್ನು ಬೇರೆ ಕಡೆಯಿಂದ ಗಮನಿಸಬೇಕು. ಲೋಡ್ ಬ್ಯಾಲೆನ್ಸರ್ ಕೊಂಡರೆ ನಿದ್ದೆ ಬರುತ್ತದೆ ಎಂದು ಹೇಳುವ ಮಾರಾಟಗಾರರು ಈ ಪುಟ್ಟ ಪುಟದ ವಿಷಯ ಎತ್ತುವುದಿಲ್ಲ. ನನ್ನ ಮಟ್ಟಿಗೆ ಅದರ ಅರ್ಧ ಬೆಲೆ ಇರುವುದೇ ಇಲ್ಲಿ.

ಸಹಜವಾಗಿ ಏಳುವ ಪ್ರಶ್ನೆ: ಲೋಡ್ ಬ್ಯಾಲೆನ್ಸರೇ ಸತ್ತರೆ? ಮೂರು ಸರ್ವರ್ ಗಟ್ಟಿಮುಟ್ಟಾಗಿದ್ದೂ ಯಾರಿಗೂ ಏನೂ ಸಿಗುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಎರಡನ್ನು ಇಡುತ್ತಾರೆ. ಒಂದೇ ವಿಳಾಸವನ್ನು ಇಬ್ಬರೂ ಹೊರಲು ಸಿದ್ಧ, ಒಂದು ಹೊತ್ತಿಗೆ ಹೊರುವವನು ಒಬ್ಬ. ಹೊತ್ತವನು ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಜೊತೆಗಾರನಿಗೆ ಕೂಗಿ ಹೇಳುತ್ತಾನೆ. ಮೂರು ಕೂಗು ಕೇಳದಿದ್ದರೆ ಜೊತೆಗಾರ ವಿಳಾಸವನ್ನು ತನ್ನದಾಗಿಸಿಕೊಂಡು, ‘ಇನ್ನು ಈ ವಿಳಾಸದವನು ನಾನು’ ಎಂದು ಜಾಲದಲ್ಲಿ ಸಾರುತ್ತಾನೆ. ವಿಆರ್‌ಆರ್‌ಪಿ ಎಂಬ ಈ ವಿಧಾನದಲ್ಲಿ ಕೈಬದಲಾವಣೆಗೆ ಮೂರು-ನಾಲ್ಕು ಸೆಕೆಂಡು. ವಿಳಾಸ ಬದಲಾಗದ್ದರಿಂದ ಡಿಎನ್‌ಎಸ್ ಮುಟ್ಟುವ ಅಗತ್ಯವೇ ಇಲ್ಲ. ಆದರೆ ಎರಡೂ ಒಂದೇ ಜಾಲದಲ್ಲಿ, ಸಾಮಾನ್ಯವಾಗಿ ಒಂದೇ ಕಟ್ಟಡದಲ್ಲಿ ಇರಬೇಕು. ಆ ಕಟ್ಟಡಕ್ಕೇ ಬೆಂಕಿ ಬಿದ್ದರೆ ಈ ಜೋಡಿಯಿಂದ ಪ್ರಯೋಜನವಿಲ್ಲ.

ಅಲ್ಲಿಗೆ ಬಿಟ್ಟುಬಂದ ಡಿಎನ್‌ಎಸ್ ಮತ್ತೆ ನೆನಪಾಗುತ್ತದೆ. ದೊಡ್ಡ ಸೇವೆಗಳು ಎರಡರಲ್ಲಿ ಒಂದನ್ನು ಆರಿಸಿಕೊಂಡಿಲ್ಲ, ಒಂದರ ಮೇಲೊಂದು ಇಟ್ಟಿವೆ. ಅಮೆಜಾನ್ ತನ್ನ ಮೋಡದಲ್ಲಿ ಬಾಡಿಗೆಗೆ ಕೊಡುವ ಲೋಡ್ ಬ್ಯಾಲೆನ್ಸರಿಗೆ ಒಂದು ಹೆಸರು ಕೊಡುತ್ತದೆ. ಆ ಹೆಸರನ್ನು ಕೇಳಿದರೆ ಬರುವುದು ಹಲವು ಎ ರೆಕಾರ್ಡುಗಳು, ಟಿಟಿಎಲ್ 60 ಸೆಕೆಂಡು! ಹಣ ಕೊಟ್ಟು ಕೊಂಡ ಲೋಡ್ ಬ್ಯಾಲೆನ್ಸರ್ ಒಳಗೇ ಹಲವು ಯಂತ್ರಗಳಿವೆ, ಬೇರೆ ಬೇರೆ ಕಟ್ಟಡಗಳಲ್ಲಿ. ಜನರನ್ನು ಆ ಯಂತ್ರಗಳ ನಡುವೆ ಹಂಚುವುದು ಎನ್‌ಸಿಎಸ್‌ಎಯವರ ಹಳೆಯ ಉಪಾಯದ ಮಗನೇ. ವ್ಯತ್ಯಾಸವೆಂದರೆ ಕೆಟ್ಟ ಯಂತ್ರದ ವಿಳಾಸವನ್ನು ಪಟ್ಟಿಯಿಂದ ತೆಗೆಯಲು ಅಲ್ಲಿ ಮನುಷ್ಯ ಬೇಕಿಲ್ಲ. ಯಾವ ಕಟ್ಟಡಕ್ಕೆ ಹೋಗಬೇಕು ಎಂಬ ಒರಟು ತೀರ್ಮಾನ ಡಿಎನ್‌ಎಸ್‌ನದು, ಕಟ್ಟಡದೊಳಗೆ ಯಾವ ಸರ್ವರಿಗೆ ಎಂಬ ಸೂಕ್ಷ್ಮ ತೀರ್ಮಾನ ಲೋಡ್ ಬ್ಯಾಲೆನ್ಸರಿನದು. ಮೊದಲನೆಯದು ನಿಮಿಷಗಳ ಲೆಕ್ಕದಲ್ಲಿ ತಪ್ಪಬಹುದು, ಎರಡನೆಯದು ಸೆಕೆಂಡುಗಳಲ್ಲಿ ಸರಿಯಾಗಬೇಕು.

ಬರೀ ಎ ರೆಕಾರ್ಡುಗಳಿಂದಲೇ ಚೆನ್ನಾಗಿ ನಡೆಯುವ ಸೇವೆಯೂ ಇದೆ, ಅದು ಬಹುಶಃ ನಿಮ್ಮ ಮನೆಯ ಯಾವುದಾದರೊಂದು ಯಂತ್ರದಲ್ಲಿ ಇದೆ. ಕಂಪ್ಯೂಟರುಗಳ ಗಡಿಯಾರವನ್ನು ಸರಿಯಾದ ಸಮಯಕ್ಕೆ ಹೊಂದಿಸುವ `pool.ntp.org` ಎಂಬ ಹೆಸರು 2003ರಿಂದ ಚಾಲ್ತಿಯಲ್ಲಿದೆ. ಅದರ ಹಿಂದಿರುವ ಸಾವಿರಾರು ಸರ್ವರುಗಳನ್ನು ಜಗತ್ತಿನಾದ್ಯಂತ ಸ್ವಯಂಸೇವಕರು ನಡೆಸುತ್ತಾರೆ. ಅವೆಲ್ಲವುಗಳ ಮುಂದೆ ಒಂದು ಲೋಡ್ ಬ್ಯಾಲೆನ್ಸರ್ ಇಡುವುದು ಸಾಧ್ಯವಿಲ್ಲ, ಇಟ್ಟರೆ ದಾರಿಯಲ್ಲಾಗುವ ತಡದಿಂದ ಸಮಯವೇ ಕೆಡುತ್ತದೆ. ಆದ್ದರಿಂದ ಕೇಳಿದವರಿಗೆ ಡಿಎನ್‌ಎಸ್ ನಾಲ್ಕು ವಿಳಾಸಗಳನ್ನು ಕೊಡುತ್ತದೆ. ಭಾರತಕ್ಕೆಂದೇ `in.pool.ntp.org` ಎಂಬ ಪ್ರತ್ಯೇಕ ಹೆಸರೂ ಇದೆ. ಯೋಜನೆಯ ಕಾವಲು ಯಂತ್ರಗಳು ಪ್ರತಿ ಸರ್ವರಿಗೂ ಅಂಕ ಹಾಕುತ್ತಿರುತ್ತವೆ, 10ಕ್ಕಿಂತ ಕೆಳಗಿಳಿದವರನ್ನು ಪಟ್ಟಿಯಿಂದ ಕೈಬಿಡಲಾಗುತ್ತದೆ. ಹಾಗೆ ಕೈಬಿಟ್ಟ ಸುದ್ದಿ ಎಲ್ಲೆಡೆ ತಲುಪಲು ನಿಮಿಷಗಳೇ ಹಿಡಿದರೂ ಇಲ್ಲಿ ನಷ್ಟವಿಲ್ಲ. ಗಡಿಯಾರ ಹೊಂದಿಸುವ ಪೂರ್ಣ ತಂತ್ರಾಂಶ ಒಬ್ಬನ ಮಾತನ್ನು ಮಾತ್ರ ನಂಬುವುದಿಲ್ಲ. ನಾಲ್ವರನ್ನೂ ಕೇಳಿ, ಮೂವರು ಒಂದು ಸಮಯ ಹೇಳಿ ಒಬ್ಬ ಬೇರೆ ಹೇಳಿದರೆ ಆ ಒಬ್ಬನನ್ನು ಬದಿಗೆ ಸರಿಸುತ್ತದೆ. ಉತ್ತರಿಸದವನನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಬ್ರೌಸರ್ ಮಾಡದ ಕೆಲಸವನ್ನು ಇಲ್ಲಿ ಕೇಳುವವನೇ ಮಾಡಿಕೊಳ್ಳುತ್ತಾನೆ.